ಸಿಮ್ ಇದ್ದವರೇ ಗ್ರಾಹಕರು, ನೀವ್ಯಾರು?

ಬ್ಯಾಂಕಿನವರು ನಮ್ಮನ್ನು ಗುರುತಿಸುವ ಕ್ರಮ ಈಗ ಬಹಳ ಸುಲಭ. ಒಂದು ನಂಬರಿಗೆ ಓಟಿಪಿ ಕಳಿಸುತ್ತಾರೆ. ಅದನ್ನು ಓದಿ ಹೇಳಿದವರು ಗ್ರಾಹಕರು. ಹೇಳಲಾಗದವರು, ಕೌಂಟರಿನ ಎದುರಿಗೇ ನಿಂತಿದ್ದರೂ, ಕೈಯಲ್ಲಿ ಪಾಸ್‌ಬುಕ್ ಇದ್ದರೂ, ಯಾರೋ ದಾರಿಹೋಕರು.

ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಈಗ ಹಾಗೆ ದಾರಿಹೋಕರಾಗಿದ್ದಾರೆ. ಸಿಟಿ ಬಸ್ಸಿನ ರಶ್ಶಿನಲ್ಲಿ ಅವರ ಫೋನು ಹೋಯಿತು. ಫೋನಿನ ಕವರಿನೊಳಗೆ ಎಟಿಎಂ ಕಾರ್ಡೂ ಇತ್ತು. ಅದೂ ಹೋಯಿತು. ಅಂದರೆ ಓಟಿಪಿ ಬರುವ ಸಿಮ್ ಮತ್ತು ಕಾರ್ಡಿನ ನಂಬರು ಎರಡೂ ಒಬ್ಬನ ಕೈಗೇ ಸಿಕ್ಕವು. ಬ್ಯಾಂಕಿನ ಲೆಕ್ಕದಲ್ಲಿ ಆ ಪುಣ್ಯಾತ್ಮ ಈಗ ಸರ್ವಸಂಪನ್ನ ಗ್ರಾಹಕ. ಸಿಮ್‌ಗೆ ಪಿನ್ ಹಾಕಿಟ್ಟರೆ ಬೇರೆ ಫೋನಿಗೆ ಹಾಕಿದಾಗ ಅದು ಪಿನ್ ಕೇಳುತ್ತದೆ. ಆದರೆ ನಮ್ಮ ಕಡೆ ಫೋನಿಗೆ ಪ್ಯಾಟರ್ನ್ ಲಾಕ್ ಹಾಕುವವರುಂಟು, ಸಿಮ್‌ಗೆ ಹಾಕಿದವರನ್ನು ನಾನಂತೂ ಕಂಡಿಲ್ಲ.

ಅಕ್ಕ ಮಾಡಬೇಕಾದ್ದನ್ನೇ ಮಾಡಿದರು. ನಮ್ಮ ಫೋನಿನಿಂದ ಬ್ಯಾಂಕಿನ ಸಹಾಯವಾಣಿಗೆ ಕರೆ ಹೋಯಿತು. ‘ದಯವಿಟ್ಟು ನಿಮ್ಮ ನೋಂದಾಯಿತ ಮೊಬೈಲ್ ಸಂಖ್ಯೆಯಿಂದ ಕರೆ ಮಾಡಿ’ ಎಂದಿತು ಯಂತ್ರ. ಆ ಸಂಖ್ಯೆ ಆಗ ಮಣಿಪಾಲದ ಕಡೆ ಬಸ್ಸಿನಲ್ಲಿ ಹೋಗುತ್ತಿತ್ತೋ ಏನೋ. ಒಂದು, ಎರಡು, ಒಂಬತ್ತು ಎಂದು ಒತ್ತುತ್ತಾ ಹೋದ ಮೇಲೆ ಒಬ್ಬರು ಮನುಷ್ಯರು ಸಿಕ್ಕರು, ಕಾರ್ಡು ಬ್ಲಾಕ್ ಆಯಿತು. ಮೊಬೈಲ್ ಕಂಪನಿಗೆ ಹೇಳಿ ಸಿಮ್ಮನ್ನೂ ನಿಲ್ಲಿಸಿದ್ದಾಯಿತು.

ಹಾಗಾದರೆ ಅದೇ ನಂಬರಿನ ಇನ್ನೊಂದು ಸಿಮ್ ತಗೊಳ್ಳಬಹುದಿತ್ತಲ್ವಾ? ಬಹುದಿತ್ತು. ಆದರೆ ಆ ಸಿಮ್ ಇರುವುದು ಮಗನ ಹೆಸರಲ್ಲಿ, ಮಗ ಇರುವುದು ದುಬೈಯಲ್ಲಿ. ರಜೆಗೆ ಬಂದಾಗ ಅಮ್ಮನಿಗೆ ಫೋನು, ಸಿಮ್ ಎರಡನ್ನೂ ತೆಗೆದುಕೊಟ್ಟು ಹೋಗಿದ್ದ. ಕರಾವಳಿಯ ಅರ್ಧ ಅಮ್ಮಂದಿರ ಸಿಮ್ ಕಥೆ ಇದೇ. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು ಎಂದರು ಅಂಗಡಿಯವರು. ಅದು ಸರಿ ಕೂಡ. ಇಲ್ಲದಿದ್ದರೆ ಯಾರದೋ ನಂಬರನ್ನು ಯಾರೋ ತಗೊಂಡು ಹೋಗುತ್ತಾರೆ. ಹೊಸ ಸಿಮ್ ಕೊಟ್ಟ ಮೇಲೂ 24 ಗಂಟೆ ಮೆಸೇಜು ಬರದ ಹಾಗೆ ತಡೆಯುವುದೂ ಇಂಥ ಕಳ್ಳತನಕ್ಕೆ ಹೆದರಿಯೇ.

ಹಾಗಾಗಿ ಅಕ್ಕ ತಮ್ಮ ಹೆಸರಲ್ಲೇ ಹೊಸ ಸಿಮ್ ತಗೊಂಡು ಬ್ಯಾಂಕಿಗೆ ಹೋದರು.

‘ನಂಬರ್ ಚೇಂಜ್ ಅಲ್ವಾ ಅಮ್ಮ? ಹಳೆ ನಂಬರಿಗೆ ಒಂದು ಓಟಿಪಿ ಬರ್ತದೆ, ಹೇಳಿ.’

‘ಹಳೆ ನಂಬರ್ ಹೋಗಿದೆ ಅಂತಲೇ ಅಲ್ವಾ ಮಾರಾಯ್ರೆ ನಾನು ಬಂದದ್ದು?’

‘ಹಾಗಾದ್ರೆ ಆಧಾರ್ ಓಟಿಪಿ ಮಾಡುವ.’

ಆಧಾರಿಗೂ ಅದೇ ಹಳೆ ನಂಬರು. ಆದರೆ ಅದನ್ನು ಬದಲಿಸುವುದಕ್ಕೆ ಹಳೆ ನಂಬರೂ ಬೇಡ, ದಾಖಲೆಯೂ ಬೇಡ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿ, ಶುಲ್ಕ ಕಟ್ಟಿದರೆ ಸಾಕು. ಇಡೀ ದೇಶದ ಗುರುತಿನ ಲೆಕ್ಕ ಇಟ್ಟವರು ಬೆರಳು ನೋಡಿ ನಂಬುತ್ತಾರೆ. ಅದೇ ಬೀದಿಯ ಶಾಖೆಯವರಿಗೆ ಮುಖ ನೋಡಿದರೂ ನಂಬಿಕೆ ಇಲ್ಲ!

ಇದು ಬ್ಯಾಂಕುಗಳನ್ನು ಹೆತ್ತ ಊರು ಎಂಬುದನ್ನು ಇಲ್ಲಿ ಹೇಳಲೇಬೇಕು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ‘ಅಕ್ಕ, ಓಟಿಪಿ ಹೇಳಿ’ ಎಂದು ಯಾರೂ ಕೇಳಲಿಲ್ಲ. ಅಂಗಳದಲ್ಲಿ ಮಡಲು ಹೆಣೆಯುತ್ತಿದ್ದವರು ಯಾರೆಂದು ಏಜೆಂಟರಿಗೆ ಗೊತ್ತಿತ್ತು.

ಕೊನೆಗೆ ಕೌಂಟರಿನವರು, ‘ಒಂದು ಲೆಟರ್ ಬರ್ದು ಕೊಡಿ’ ಎಂದರು. ಅದನ್ನು ಮೊದಲೇ ಹೇಳಬಹುದಿತ್ತು. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದದ್ದು ಹೀಗೆ:

‘ಮಾನ್ಯ ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಸಿಮ್ ಕಳೆದುಹೋದ ಕಾರಣ ನೋಂದಾಯಿತ ಮೊಬೈಲ್ ಸಂಖ್ಯೆ ಬದಲಿಸುವ ಬಗ್ಗೆ.

ನನ್ನ ಖಾತೆ ಸಂಖ್ಯೆ, ಗ್ರಾಹಕ ಐಡಿ, ಹಳೆಯ ಮತ್ತು ಹೊಸ ಮೊಬೈಲ್ ಸಂಖ್ಯೆ ಕೆಳಗೆ ಕೊಟ್ಟಿದ್ದೇನೆ. ಹಳೆಯ ಸಿಮ್ ಇಂಥ ದಿನ ಕಳೆದುಹೋಗಿದ್ದು, ಅದನ್ನು ಬ್ಲಾಕ್ ಮಾಡಿಸಲಾಗಿದೆ. ಆ ಸಂಖ್ಯೆಗೆ ಓಟಿಪಿ ಕಳಿಸಿದರೆ ನನಗೆ ಸಿಗುವುದಿಲ್ಲ. ದಯವಿಟ್ಟು ಹಳೆಯ ಸಂಖ್ಯೆಯನ್ನು ಗ್ರಾಹಕ ಐಡಿಯಿಂದಲೇ ತೆಗೆದು, ಎಸ್ಎಂಎಸ್, ನೆಟ್ ಬ್ಯಾಂಕಿಂಗ್, ಯುಪಿಐ ಎಲ್ಲದಕ್ಕೂ ಹೊಸ ಸಂಖ್ಯೆಯನ್ನು ಜೋಡಿಸಬೇಕಾಗಿ ಕೋರಿಕೆ. ಪಾಸ್‌ಬುಕ್ ಮತ್ತು ಗುರುತಿನ ಚೀಟಿಯ ಪ್ರತಿ ಲಗತ್ತಿಸಿದ್ದೇನೆ. ಈ ಪತ್ರದ ನಕಲಿಗೆ ದಿನಾಂಕ, ಸಮಯ ಹಾಕಿ ಸೀಲು ಒತ್ತಿ ಕೊಡಬೇಕು.’

‘ಗ್ರಾಹಕ ಐಡಿ ಎಲ್ಲ ಯಾಕೆ, ಅಕೌಂಟ್ ನಂಬರ್ ಸಾಕು’ ಎಂದರು ಕೌಂಟರಿನವರು. ಸಾಕಾಗುವುದಿಲ್ಲ. ಅಕ್ಕನಿಗೆ ಅಲ್ಲಿ ಒಂದು ಉಳಿತಾಯ ಖಾತೆ ಉಂಟು, ಮಗನ ಜೊತೆ ಜಂಟಿ ಖಾತೆ ಉಂಟು, ಎರಡು ಎಫ್‌ಡಿ ಉಂಟು. ಮೊಬೈಲ್ ನಂಬರು ಅಂಟಿಕೊಂಡಿರುವುದು ಸಾಮಾನ್ಯವಾಗಿ ಇವುಗಳ ತಲೆಯ ಮೇಲಿರುವ ಗ್ರಾಹಕ ಐಡಿಗೆ. ಮೆಸೇಜು ಕಳಿಸುವ ವ್ಯವಸ್ಥೆ ಎಷ್ಟೋ ಕಡೆ ಬೇರೆಯೇ ಇರುತ್ತದೆ. ಒಂದರಲ್ಲಿ ಬದಲಾಗಿ ಇನ್ನೊಂದರಲ್ಲಿ ಹಾಗೇ ಉಳಿದರೆ, ಪರದೆಯ ಮೇಲೆ ಹೊಸ ನಂಬರು ಕಾಣುತ್ತದೆ, ಓಟಿಪಿ ಮಾತ್ರ ಹಳೆ ದಾರಿಯಲ್ಲೇ ಹೋಗುತ್ತದೆ. ‘ಆಗಿದೆ ಅಮ್ಮ, ಇಲ್ಲಿ ಕಾಣ್ತದೆ ನೋಡಿ’ ಎಂದು ಪರದೆ ತಿರುಗಿಸಿ ತೋರಿಸಿದರೆ ಅದಕ್ಕೇ ಮರುಳಾಗಬಾರದು. ಹೊಸ ನಂಬರಿನಿಂದ ಬ್ಯಾಲೆನ್ಸ್ ಕೇಳುವ ಮಿಸ್ಡ್ ಕಾಲ್ ಕೊಡಬೇಕು. ಆಮೇಲೆ ನೂರು ರೂಪಾಯಿ ತೆಗೆದು ಮೆಸೇಜು ಎಲ್ಲಿಗೆ ಬರುತ್ತದೆ ನೋಡಬೇಕು.

ಹಳೆ ಸಿಮ್ ಹೇಗೂ ಬಂದ್ ಆಗಿದೆ, ಸುಮ್ನೆ ಬಿಟ್ಟರೆ ಏನಾಯ್ತು ಎನ್ನುವವರಿದ್ದಾರೆ. ನಂಬರು ಸಾಯುವುದಿಲ್ಲ ಸ್ವಾಮಿ, ಪುನರ್ಜನ್ಮ ಪಡೆಯುತ್ತದೆ. ಕಂಪನಿಯವರು ಸಂಪರ್ಕ ತೆಗೆದು, ಕನಿಷ್ಠ 90 ದಿನ ಕಾದು, ಅದೇ ನಂಬರನ್ನು ಬೇರೆಯವರಿಗೆ ಕೊಡುತ್ತಾರೆ. ಆಗ ಅಕ್ಕನ ಎಫ್‌ಡಿ ಬಡ್ಡಿಯ ಸುದ್ದಿ ಇನ್ಯಾರೋ ಅಪರಿಚಿತರ ಜೇಬಿನಲ್ಲಿ ಟಿಂಗ್ ಎನ್ನುತ್ತದೆ. ಬ್ಯಾಂಕಿನ ಪ್ರಕಾರ ಆಗ ಅವರೇ ಅಕ್ಕ.

ಸೀಲಿಗೆ ಮಾತ್ರ ದೊಡ್ಡ ಜಗ್ಗಾಟವೇ ಆಯಿತು. ಪತ್ರ ತಗೊಂಡರು, ನಕಲಿಗೆ ಸೀಲು ಒತ್ತಲು ಕೈ ಬರಲಿಲ್ಲ. ‘ಅದೆಲ್ಲ ಬೇಡಮ್ಮ, ನಾವಿದ್ದೇವಲ್ಲ’ ಎಂದರು. ಅಷ್ಟು ಹೊತ್ತು ಅಕ್ಕ ಹೇಳುತ್ತಿದ್ದದ್ದೂ ಅದನ್ನೇ, ‘ನಾನೇ ಇದ್ದೇನಲ್ಲ’ ಎಂದು. ಆಗ ಅದು ನಡೆಯಲಿಲ್ಲ, ಈಗ ಇದು ಯಾಕೆ ನಡೆಯಬೇಕು? ಗ್ರಾಹಕರ ಅನುಮತಿ ಇಲ್ಲದೆ ಹಣ ಹೋದರೆ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿದೆ. ಯಾವಾಗ ಏನು ತಿಳಿಸಿದಿರಿ ಎಂಬುದಕ್ಕೆ ನಾಳೆ ಸಾಕ್ಷಿ ಬೇಕಲ್ಲ? ಬಾಯಿಮಾತಿಗೆ ದಿನಾಂಕ ಇರುವುದಿಲ್ಲ. ನಾವು ಜಗ್ಗಲಿಲ್ಲ. ಸೀಲು ಬಿತ್ತು.

ಸಹಿಯ ರಗಳೆ ಬೇರೆ. ಖಾತೆ ತೆರೆದಾಗ ಅಕ್ಕ ಪೂರ್ತಿ ಹೆಸರು ಬರೆದಿದ್ದರಂತೆ, ಈಗ ಕೈ ನಡುಗಿ ಅರ್ಧಕ್ಕೇ ನಿಲ್ಲುತ್ತದೆ. ಕೊನೆಗೆ ವ್ಯವಸ್ಥಾಪಕರೇ ಎದ್ದು ಬಂದರು. ಪಾಸ್‌ಬುಕ್ಕಿನ ಫೋಟೋ ನೋಡಿದರು, ಅಕ್ಕನನ್ನು ನೋಡಿದರು, ‘ಇವರೇ ಅಲ್ವಾ, ಮಾಡಿಕೊಡಿ’ ಎಂದರು. ಒಬ್ಬ ಮನುಷ್ಯ ಇನ್ನೊಬ್ಬರ ಮುಖ ನೋಡಿ ಮುಗಿಸಬಹುದಾದ ಕೆಲಸ ಅಲ್ಲಿಗೆ ಮುಗಿಯಿತು.

ನಾಲ್ಕು ದಿನ ಬಿಟ್ಟು ಹೊಸ ನಂಬರಿಗೆ ಬ್ಯಾಂಕಿನ ಮೊದಲ ಮೆಸೇಜು ಬಂತು. ಅಕ್ಕ ಓಡಿಬಂದು ತೋರಿಸಿದರು. ಈ ತ್ರೈಮಾಸಿಕದ ಎಸ್ಎಂಎಸ್ ಸೇವಾ ಶುಲ್ಕ ಜಿಎಸ್‌ಟಿ ಸೇರಿ 17.70 ರೂಪಾಯಿಯನ್ನು ನಿಮ್ಮ ಖಾತೆಯಿಂದ ಕಡಿತ ಮಾಡಲಾಗಿದೆ.