ವಿಳಾಸಪಟ್ಟಿಯ ನೆರೆಹೊರೆ

ಕನ್ನಡ ವಿಕಿಪೀಡಿಯದ ಲೇಖನಕ್ಕೆ ಉಲ್ಲೇಖ ಸೇರಿಸುವ ಬಗೆಯನ್ನು ತೋರಿಸಲು ನಾನು ಆರು ನಿಮಿಷದ ವಿಡಿಯೊ ಒಂದನ್ನು ಮಾಡಿ, ಹೆಮ್ಮೆಯಿಂದ ಬಂಧುಗಳ ಗುಂಪಿಗೂ ಕಳುಹಿಸಿದ್ದೆ. ಸಂಜೆ ಅತ್ತೆಯ ಫೋನ್ ಬಂತು. "ಏನಪ್ಪಾ, ಮನೆ ಕಟ್ಟಿಸೋಕೆ ಸಾಲ ಹುಡುಕ್ತಿದ್ದೀಯಂತೆ, ನಮಗೊಂದು ಮಾತು ಹೇಳಬಾರದಿತ್ತೇ?" ವಿಡಿಯೊದಲ್ಲಿ ನಾನು ಸಾಲದ ಮಾತನ್ನೇ ಎತ್ತಿರಲಿಲ್ಲ. ಆದರೆ ಆರು ನಿಮಿಷವೂ ಬುಕ್‌ಮಾರ್ಕ್ ಪಟ್ಟಿಯಲ್ಲಿ 'ಗೃಹಸಾಲ ಬಡ್ಡಿ' ಎಂಬ ಕಡತಕೋಶ ರಾರಾಜಿಸುತ್ತಿತ್ತು. ಉಲ್ಲೇಖ ಸೇರಿಸುವುದನ್ನು ಅತ್ತೆ ಕಲಿತರೋ ಇಲ್ಲವೋ, ಅದನ್ನಂತೂ ತಪ್ಪದೆ ಓದಿದ್ದರು.

ಇದನ್ನು ತಪ್ಪಿಸಲು ನನಗೆ ಮೊದಲು ಹೊಳೆದ ಉಪಾಯ ಕತ್ತರಿ. ಪರದೆಯನ್ನು ಚಿತ್ರೀಕರಿಸುವ ಓಬಿಎಸ್ ತಂತ್ರಾಂಶದಲ್ಲಿ Alt ಕೀಲಿ ಒತ್ತಿಹಿಡಿದು ಚಿತ್ರದ ಮೇಲಂಚನ್ನು ಕೆಳಕ್ಕೆ ಎಳೆದರೆ ಅಷ್ಟು ಭಾಗ ಕತ್ತರಿಸಿಹೋಗುತ್ತದೆ. ಆದರೆ ಕ್ರೋಮ್‌ನ ತಲೆಭಾಗದ ರಚನೆಯೇ ಇದಕ್ಕೆ ಅಡ್ಡಿ. ತೆರೆದ ಟ್ಯಾಬ್‌ಗಳು ಎಲ್ಲಕ್ಕಿಂತ ಮೇಲೆ, ಅವುಗಳ ಕೆಳಗೆ ವಿಳಾಸಪಟ್ಟಿ, ಅದರ ಬಲಕ್ಕೆ ಎಕ್ಸ್‌ಟೆನ್ಶನ್‌ಗಳ ಚಿಹ್ನೆಗಳು, ಅದರ ಕೆಳಗೆ ಬುಕ್‌ಮಾರ್ಕ್‌ಗಳು. ಬುಕ್‌ಮಾರ್ಕ್‌ಗಳನ್ನು ಕತ್ತರಿಸಹೊರಟರೆ ನಡುವಿನ ವಿಳಾಸವೂ ಹೋಗುತ್ತದೆ. F11 ಒತ್ತಿ ಪೂರ್ಣಪರದೆ ಮಾಡಿಕೊಂಡರೂ ಕಥೆ ಅದೇ. ಜಾಲತಾಣವೊಂದನ್ನು ಕಲಿಸುವಾಗ ನೋಡುಗನಿಗೆ ತಾನು ಯಾವ ಪುಟದಲ್ಲಿದ್ದೇನೆಂದು ಹೇಳುವುದು ಆ ವಿಳಾಸವೊಂದೇ ಆದ್ದರಿಂದ, ಅದನ್ನು ಉಳಿಸಿಕೊಂಡು ಅದರ ನೆರೆಹೊರೆಯನ್ನು ಮಾತ್ರ ಖಾಲಿ ಮಾಡಿಸಬೇಕು.

ಬಿಡಿಬಿಡಿಯಾಗಿ ಮಾಡಬಹುದು. Ctrl+Shift+B ಒತ್ತಿದರೆ ಬುಕ್‌ಮಾರ್ಕ್ ಪಟ್ಟಿ ಮರೆಯಾಗುತ್ತದೆ. ಮರೆಯಾಯಿತೆಂದು ನಂಬಿ ನಾನು ಎರಡನೆಯ ವಿಡಿಯೊದ ನಡುವೆ ಹೊಸ ಟ್ಯಾಬ್ ತೆರೆದೆ. ಗೃಹಸಾಲ ಮತ್ತೆ ಪ್ರತ್ಯಕ್ಷವಾಯಿತು. ಪಟ್ಟಿಯನ್ನು ಅಡಗಿಸಿದ್ದರೂ ಹೊಸ ಟ್ಯಾಬ್‌ನ ಪುಟದಲ್ಲಿ ಕ್ರೋಮ್ ಅದನ್ನು ತೋರಿಸಿಯೇ ತೋರಿಸುತ್ತದೆ. ಎಕ್ಸ್‌ಟೆನ್ಶನ್‌ಗಳ ಚಿಹ್ನೆಗಳನ್ನು ಒಗಟಿನ ತುಂಡಿನಂಥ ಗುಂಡಿಯೊಳಗೆ ಹೋಗಿ, ಒಂದೊಂದರ ಪಿನ್ ಕಿತ್ತು ಮರೆಮಾಡಬಹುದು. ಆದರೆ ಚಿಹ್ನೆ ಮರೆಯಾದ ಮಾತ್ರಕ್ಕೆ ಕೆಲಸ ನಿಲ್ಲುವುದಿಲ್ಲ. ಕಾಗುಣಿತ ತಿದ್ದುವ ನನ್ನ ಎಕ್ಸ್‌ಟೆನ್ಶನ್ ಒಂದು, ತಾನು ಮಾತ್ರ ತೆರೆಯ ಹಿಂದೆ ಕುಳಿತು, ವಿಕಿಪೀಡಿಯದ ಸಂಪಾದನೆಯ ಚೌಕದ ಮೂಲೆಯಲ್ಲಿ ಹಸಿರು ಬಿಂದುವೊಂದನ್ನು ಇಟ್ಟಿತ್ತು. "ಆ ಹಸಿರು ಗುಂಡಿ ನನಗೆ ಕಾಣುತ್ತಿಲ್ಲವಲ್ಲ ಸರ್" ಎಂದು ವಿಡಿಯೊ ನೋಡಿದವರೊಬ್ಬರು ಕೇಳಿದಾಗ, ನಾನು ಕಲಿಸಿದ್ದು ವಿಕಿಪೀಡಿಯವನ್ನಲ್ಲ, ನನ್ನ ಗಣಕದಲ್ಲಿ ಮಾತ್ರ ಇರುವ ವಿಕಿಪೀಡಿಯವನ್ನು ಎಂಬುದು ಗೊತ್ತಾಯಿತು. ಬುಕ್‌ಮಾರ್ಕ್ ಕಂಡರೆ ಹೋಗುವುದು ನನ್ನ ಮಾನವಷ್ಟೇ. ಎಕ್ಸ್‌ಟೆನ್ಶನ್‌ನಿಂದ ಪಾಠವೇ ತಪ್ಪಾಗುತ್ತದೆ.

ಇನ್‌ಕಾಗ್ನಿಟೋ ಕಿಟಕಿ ಸಾಲದೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಬೇರೆಯಾಗಿ ಅನುಮತಿ ಕೊಡದಿದ್ದರೆ ಎಕ್ಸ್‌ಟೆನ್ಶನ್‌ಗಳು ಅಲ್ಲಿ ಬರುವುದಿಲ್ಲವೆಂಬುದು ನಿಜ; ಆದರೆ ಬುಕ್‌ಮಾರ್ಕ್‌ಗಳು ಬರುತ್ತವೆ, ವಿಳಾಸಪಟ್ಟಿಯಲ್ಲಿ ಒಂದಕ್ಷರ ಒತ್ತಿದೊಡನೆ ಹಳೆಯ ಓಡಾಟಗಳೆಲ್ಲ ಸಲಹೆಗಳಾಗಿ ಇಳಿಬೀಳುತ್ತವೆ. ಕ್ರೋಮ್‌ನ 'ಗೆಸ್ಟ್' ಎಂಬ ಅತಿಥಿ ಕಿಟಕಿ ಇದಕ್ಕಿಂತ ಮೇಲು, ಅದರಲ್ಲಿ ಇವು ಯಾವುವೂ ಇರುವುದಿಲ್ಲ. ಅದರ ಕೊರತೆಯೆಂದರೆ, ಮುಚ್ಚಿದೊಡನೆ ಎಲ್ಲವನ್ನೂ ಮರೆಯುತ್ತದೆ. ಮೂರು ದಿನ ಚಿತ್ರೀಕರಿಸಿದರೆ ಮೂರು ದಿನವೂ ಹೊಸದಾಗಿ ಲಾಗಿನ್ ಆಗಬೇಕು.

ಕೊನೆಗೆ ನಾನು ನೆಚ್ಚಿಕೊಂಡದ್ದು ಪ್ರತ್ಯೇಕ ಪ್ರೊಫೈಲ್. ಬಲತುದಿಯ ಪುಟ್ಟ ವೃತ್ತವನ್ನು ಒತ್ತಿ, ಯಾವ ಮಿಂಚಂಚೆ ಖಾತೆಯನ್ನೂ ಜೋಡಿಸದೆ, ಹೊಸ ಪ್ರೊಫೈಲ್ ಒಂದನ್ನು ಸೃಷ್ಟಿಸಿದೆ. ಖಾತೆ ಜೋಡಿಸಿ ಸಿಂಕ್ ಮಾಡಿದರೆ ಹಳೆಯ ಬುಕ್‌ಮಾರ್ಕ್‌ಗಳು, ಎಕ್ಸ್‌ಟೆನ್ಶನ್‌ಗಳು ಸಂಸಾರಸಮೇತ ಬಂದಿಳಿಯುತ್ತವೆ. ಹೊಸ ಪ್ರೊಫೈಲ್‌ನ ಕಿಟಕಿ ಬೇರೆಯೇ ಆದ್ದರಿಂದ, ನನ್ನ ನಿತ್ಯದ ಇಪ್ಪತ್ತೇಳು ಟ್ಯಾಬ್‌ಗಳನ್ನು ಮುಚ್ಚುವ ಸಂಕಟವೂ ತಪ್ಪಿತು. ಅವು ಹಿಂದಿನ ಕಿಟಕಿಯಲ್ಲಿ ಹಾಗೆಯೇ ಇದ್ದವು. ವಿಕಿಪೀಡಿಯಕ್ಕೆ ಒಮ್ಮೆ ಲಾಗಿನ್ ಆಗಿ, ಪಾಠವನ್ನು ಒಂದು ಸಲ ತಾಲೀಮು ಮಾಡಿದೆ. ಆ ತಾಲೀಮಿನಿಂದ ಒಂದು ಲಾಭವೂ ಆಯಿತು. ಮರುದಿನ ಚಿತ್ರೀಕರಿಸುವಾಗ kn ಎಂದು ಒತ್ತುತ್ತಲೇ kn.wikipedia.org ತಾನಾಗಿ ತುಂಬಿಕೊಂಡಿತು, ಬೇರಾವ ಸಲಹೆಯೂ ಇಣುಕಲಿಲ್ಲ.

ಗುಂಪಿಗೆ ಕಳುಹಿಸುವ ಮುನ್ನ ಈ ಸಲ ವಿಡಿಯೊವನ್ನು ಅಲ್ಲಲ್ಲಿ ನಿಲ್ಲಿಸಿ, ಮೇಲಿನ ಎರಡು ಬೆರಳಗಲದ ಜಾಗವನ್ನು ಮಾತ್ರ ಅತ್ತೆಯ ಕಣ್ಣಿನಿಂದ ನೋಡಿದೆ. ಟ್ಯಾಬ್ ಒಂದೇ, ಬುಕ್‌ಮಾರ್ಕ್ ಇಲ್ಲ, ಚಿಹ್ನೆಗಳಿಲ್ಲ. ನಾಲ್ಕನೆಯ ನಿಮಿಷದಲ್ಲಿ ಮಾತ್ರ ಕೈತಪ್ಪಿ ಆ ಪುಟ್ಟ ವೃತ್ತವನ್ನು ಒತ್ತಿದ್ದೆ. ಮೆನು ತೆರೆದು, ಪ್ರೊಫೈಲ್‌ಗೆ ನಾನಿಟ್ಟಿದ್ದ ಹೆಸರು ದೊಡ್ಡಕ್ಷರಗಳಲ್ಲಿ ಕಾಣುತ್ತಿತ್ತು: 'ಅತ್ತೆಗೆ ತೋರಿಸಬಹುದಾದದ್ದು'. ಆ ಮೂರು ಸೆಕೆಂಡುಗಳನ್ನು ಕತ್ತರಿಸಿ ಕಳುಹಿಸಿದೆ.