ಪಿಟಿಎ ವಿಡಿಯೊ ಮೀಟಿಂಗ್ ರೆಕಾರ್ಡಿಂಗ್: ಸ್ಪಷ್ಟನೆ

“ಮೀಟಿಗೆ ಸೇರಿದರೆ ರೆಕಾರ್ಡಿಂಗಿಗೆ ಒಪ್ಪಿದ ಹಾಗೆಯೇ ಅಂತೆ, ವಿಡಿಯೊ ಯೂಟ್ಯೂಬಿಗೂ ಹೋಗ್ತದಂತೆ. ಹೌದಾ ಟೀಚರೇ?”

ಗ್ರೂಪುಗಳಲ್ಲಿ ಓಡಾಡುತ್ತಿರುವ ಹಳೆಯ ಮೆಸೇಜಿನ ಈ ಎರಡು ಮಾತೂ ಸರಿಯಲ್ಲ. ಕಾಸರಗೋಡಿನ ನಮ್ಮ ಶಾಲೆಯ ಕನ್ನಡ ವಿಭಾಗದ ಸಭೆಯಲ್ಲಿ ರೆಕಾರ್ಡ್ ಒತ್ತುವ ಮೊದಲು ನಾನು ಓದುವುದು ಇಷ್ಟು:

“ನಮಸ್ಕಾರ. ರೆಕಾರ್ಡಿಂಗ್ ಇನ್ನೂ ಶುರುವಾಗಿಲ್ಲ. ಬರಲಾಗದ ಪೋಷಕರಿಗಾಗಿ ಸಾಮಾನ್ಯ ವಿಷಯಗಳನ್ನು ಮಾತ್ರ ರೆಕಾರ್ಡ್ ಮಾಡುತ್ತೇವೆ. ಒಬ್ಬೊಬ್ಬ ಮಗುವಿನ ಮಾತು ಬಂದಾಗ ನಿಲ್ಲಿಸುತ್ತೇವೆ. ಒಪ್ಪಿಗೆ ಇದ್ದರೆ ‘ಹೌದು’ ಎನ್ನಿ. ಒಬ್ಬರು ಬೇಡವೆಂದರೂ ರೆಕಾರ್ಡಿಂಗ್ ಇಲ್ಲ, ಬರೆದ ವರದಿ ಕೊಡುತ್ತೇವೆ. ಫೈಲು ಶಾಲೆಯ ಖಾತೆಯ ಡ್ರೈವಿನಲ್ಲಿ 30 ದಿನ ಇರುತ್ತದೆ. ಅದನ್ನು ನೋಡಬಹುದು, ಡೌನ್‌ಲೋಡ್ ಮಾಡಲಾಗದು.”

ಸುಮ್ಮನಿದ್ದವರನ್ನು ಒಪ್ಪಿದವರೆಂದು ಲೆಕ್ಕ ಹಾಕುವುದಿಲ್ಲ.

ಕ್ಯಾಮೆರಾ ಆಫ್ ಮಾಡಿದರೆ ಸಾಕು ಎಂದುಕೊಂಡವರೂ ಇದ್ದಾರೆ. ಮುಖ ಬರುವುದಿಲ್ಲ, ಆದರೆ ಮಾತಾಡಿದರೆ ದನಿ ದಾಖಲಾಗುತ್ತದೆ. ಚಾಟ್ ಕೂಡ ರೆಕಾರ್ಡಿಂಗಿನ ಜತೆ ಉಳಿಯಬಹುದು. ಮಗುವಿನ ಅಂಕ, ಕಾಯಿಲೆ ಅಲ್ಲಿ ಬರೆಯಬೇಡಿ. ಅವಧಿ ಮುಗಿದ ಮೇಲೆ ಫೈಲನ್ನು ಡ್ರೈವಿನ ಟ್ರ್ಯಾಶಿನಿಂದಲೂ ತೆಗೆಯುತ್ತೇವೆ, ಇಲ್ಲದಿದ್ದರೆ ಅದು ಅಲ್ಲಿ ಮತ್ತೂ 30 ದಿನ ಕೂತಿರುತ್ತದೆ.

ಆ ಹಳೆಯ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಅದು ಬಂದ ಗ್ರೂಪಿಗೆ ಈ ಸ್ಪಷ್ಟನೆಯನ್ನು ಹಾಕಿ.