ಮೂರೇ ತಿಂಗಳಿಗೆ ನಷ್ಟ

"ಮೂರೇ ತಿಂಗಳಿಗೆ ನಷ್ಟ ತೋರಿಸ್ತಿದೆ, ಎಸ್‌ಐಪಿ ನಿಲ್ಲಿಸಿಬಿಡಲಾ?" ಅಂತ ಕೇಳಿದ್ದೀರಿ.

ಮಂಡ್ಯದಲ್ಲಿ ಟೀಚರ್ ಆಗಿರುವ ನನ್ನ ತಂಗಿಯೂ ಇದನ್ನೇ ಕೇಳಿದ್ದಳು. 2020ರ ಜನವರಿಯಿಂದ ನಿಫ್ಟಿ ಇಂಡೆಕ್ಸ್ ಫಂಡ್‌ಗೆ ತಿಂಗಳಿಗೆ 1,000 ರೂಪಾಯಿ ಹಾಕುತ್ತಿದ್ದಳು. ಮಾರ್ಚ್ 23ಕ್ಕೆ ಅವಳ 3,000 ರೂಪಾಯಿ 2,000ಕ್ಕಿಂತ ಕೆಳಗೆ ಇಳಿಯಿತು. ಅತ್ತೇ ಬಿಟ್ಟಳು, ಪಾಪ. ಆದರೆ ನಿಲ್ಲಿಸಲಿಲ್ಲ. ಜನವರಿಯಲ್ಲಿ ಸಾವಿರಕ್ಕೆ 10 ಯೂನಿಟ್ ಸಿಕ್ಕಿತ್ತು ಅಂದುಕೊಳ್ಳಿ, ಏಪ್ರಿಲ್‌ನಲ್ಲಿ ಅದೇ ಸಾವಿರಕ್ಕೆ ಸುಮಾರು 14 ಬಂತು. ನವೆಂಬರ್‌ನಲ್ಲಿ ನಿಫ್ಟಿ ಹಳೆಯ ಎತ್ತರ ದಾಟಿದಾಗ ಅವಳನ್ನು ಲಾಭಕ್ಕೆ ತಂದಿದ್ದು ಈ ಅಗ್ಗದ ಯೂನಿಟ್‌ಗಳೇ. ಅಕ್ಟೋಬರ್‌ವರೆಗೆ ಕಟ್ಟಿದ್ದ 10,000 ಆಗ 11,500 ದಾಟಿತ್ತು.

ಒಂದು ಮಾತು. ಅದು 50 ಕಂಪನಿಗಳ ಫಂಡ್. ಒಂದೇ ಕಂಪನಿಯ ಷೇರು ಬಿದ್ದರೆ ಮತ್ತೆ ಏಳದೆಯೂ ಇರಬಹುದು. ನಿಮ್ಮ ಎಸ್‌ಐಪಿ ಯಾವುದರಲ್ಲಿ, ಹೇಳಲೇ ಇಲ್ವಲ್ಲ?